ಬನಿಯನ್ ತಾಗಿದರೂ ಎದೆ ನೋವು: ಹೃದಯದ ಮಾತ್ರೆಯಿಂದ ಹೀಗಾಗುತ್ತಾ?

ಪ್ರಶ್ನೆ: ನನಗೆ 58 ವರ್ಷ. ಹೋದ ವರ್ಷ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದೆ. ಆಗಿನಿಂದ ನಾಲ್ಕು ಬಗೆಯ ಮಾತ್ರೆ ನಡೆಯುತ್ತಿದೆ. ಈಗ ಎರಡು ತಿಂಗಳಿಂದ ಎಡ ಮೊಲೆತೊಟ್ಟಿನ ಕೆಳಗೆ ಗಂಟಿನ ಹಾಗೆ ಕೈಗೆ ಸಿಗುತ್ತಿದೆ. ಬನಿಯನ್ ತಾಗಿದರೂ ನೋವು. ಮಗ ಬೊಜ್ಜು ಅಂತಾನೆ. ನನಗೆ ಕ್ಯಾನ್ಸರ್ ಭಯ. ಹೆಂಡತಿಗೂ ಹೇಳಿಲ್ಲ.

ಉತ್ತರ: ಮೊದಲು ನಿಮ್ಮ ಮಗನ ಮಾತು ನೋಡೋಣ. ಬೊಜ್ಜೋ ಅಲ್ಲವೋ ಅಂತ ಮನೆಯಲ್ಲೇ ಸ್ವಲ್ಪ ತಿಳಿಯಬಹುದು. ಅಂಗಾತ ಮಲಗಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಯಲ್ಲಿಟ್ಟು, ನಿಧಾನವಾಗಿ ತೊಟ್ಟಿನ ಕಡೆ ಒತ್ತುತ್ತಾ ತನ್ನಿ. ಬರೀ ಕೊಬ್ಬಾದರೆ ಬೆರಳುಗಳು ಮೆತ್ತಗೆ ಸಾಗಿ ತೊಟ್ಟಿನವರೆಗೂ ಬರುತ್ತವೆ. ತೊಟ್ಟಿನ ಸರಿಯಾಗಿ ಕೆಳಗೆ, ಸುತ್ತಲೂ ಸಮವಾಗಿ, ರಬ್ಬರ್ ಬಿಲ್ಲೆಯಂಥದ್ದು ತಡೆದರೆ ಅದು ಮೊಲೆಯ ಗ್ರಂಥಿ. ಇದಕ್ಕೆ ವೈದ್ಯರು ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಮುಟ್ಟಿದರೆ ನೋವು ಅಂತ ನೀವು ಬರೆದಿರುವುದರಿಂದ ನನಗೂ ಇದೇ ಇರಬಹುದು ಅನಿಸುತ್ತದೆ. ಹೊಸದಾಗಿ ಬೆಳೆಯುವ ಗ್ರಂಥಿ ನೋಯುತ್ತದೆ, ಕೊಬ್ಬು ಸಾಮಾನ್ಯವಾಗಿ ನೋಯುವುದಿಲ್ಲ. ಒಂದೇ ಕಡೆ ಶುರುವಾಗುವುದೂ ಅಪರೂಪವೇನಲ್ಲ.

ಗಂಡಸರಿಗೂ ತೊಟ್ಟಿನ ಹಿಂದೆ ಚೂರು ಗ್ರಂಥಿ ಇದ್ದೇ ಇರುತ್ತದೆ. ಹೆಣ್ಣಿನ ಹಾರ್ಮೋನ್ ಅನ್ನುವ ಈಸ್ಟ್ರೋಜನ್ ಗಂಡಸರಲ್ಲೂ ಚೂರು ಇರುತ್ತದೆ, ಅದು ಈ ಗ್ರಂಥಿಯನ್ನು ಬೆಳೆಸಲು ನೋಡುತ್ತದೆ, ಗಂಡಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಹಿಡಿದಿಡುತ್ತದೆ. ಈಸ್ಟ್ರೋಜನ್ ಜಾಸ್ತಿಯಾಗಲೇಬೇಕು ಅಂತಿಲ್ಲ. ಟೆಸ್ಟೋಸ್ಟೆರಾನ್ ಕಡಿಮೆಯಾದರೂ, ಇದ್ದದ್ದು ಕೆಲಸ ಮಾಡದಂತೆ ಯಾವುದಾದರೂ ಅಡ್ಡ ಬಂದರೂ ತಕ್ಕಡಿ ಒಂದು ಕಡೆ ವಾಲುತ್ತದೆ.

ನಿಮ್ಮ ವಿಷಯದಲ್ಲಿ ಆ ಅಡ್ಡ ಬಂದಿರುವುದು ಒಂದು ಮಾತ್ರೆ ಅಂತ ನನ್ನ ಅನುಮಾನ. ಸ್ಟ್ರಿಪ್‌ಗಳ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ‘ಸ್ಪೈರೊನೊಲ್ಯಾಕ್ಟೋನ್’ ಇದೆಯೇ? ಹೃದಯ ಸೋತವರಿಗೆ ಇದನ್ನು ತುಂಬಾ ಬರೆಯುತ್ತಾರೆ. ಮೂತ್ರ ಜಾಸ್ತಿ ಮಾಡುವ ಇನ್ನೊಂದು ಔಷಧದ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಸಿರುವುದೂ ಉಂಟು. ಹಾಗಾಗಿ ಎಷ್ಟೋ ಜನ ಅದನ್ನು ‘ನೀರಿನ ಮಾತ್ರೆ’ ಅಂತಷ್ಟೇ ಬಲ್ಲರು. ಇದು ಟೆಸ್ಟೋಸ್ಟೆರಾನ್ ಕೂರುವ ಜಾಗವನ್ನು ತಾನೇ ಹಿಡಿದುಬಿಡುತ್ತದೆ. ಆಗ ರಕ್ತದಲ್ಲಿ ಹಾರ್ಮೋನ್ ಇದ್ದರೂ ಪ್ರಯೋಜನವಿಲ್ಲ. 1999ರಲ್ಲಿ ಹೊರಬಂದ ದೊಡ್ಡ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 25 ಮಿಲಿಗ್ರಾಂ ತೆಗೆದುಕೊಂಡ ಗಂಡಸರಲ್ಲಿ 100ಕ್ಕೆ 10 ಮಂದಿಗೆ ಎದೆ ಉಬ್ಬಿತ್ತು ಇಲ್ಲವೇ ನೋಯುತ್ತಿತ್ತು. ಔಷಧವಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ 100ಕ್ಕೆ ಒಬ್ಬರಿಗೆ. ಅದೇ ಅಧ್ಯಯನದಲ್ಲಿ ಈ ಮಾತ್ರೆ ಜೀವ ಉಳಿಸಿದ್ದೂ ಸಾಬೀತಾಯಿತು. ಅದಕ್ಕೇ ಹೇಳುವುದು, ಸ್ಟ್ರಿಪ್ ನೋಡಿ ಇವತ್ತೇ ನಿಲ್ಲಿಸಿಬಿಡಬೇಡಿ. ಮೈಯಲ್ಲಿ ನೀರು ತುಂಬಿ, ಉಸಿರಾಟದ ತೊಂದರೆ ಮತ್ತೆ ಕಾಣಿಸಿಕೊಂಡೀತು. ಬದಲಿಗೆ ‘ಎಪ್ಲೆರೆನೋನ್’ ಅಂತ ಇದೇ ಜಾತಿಯ ಇನ್ನೊಂದು ಮಾತ್ರೆ ಇದೆ. ಅದು ಎದೆಯ ತಂಟೆಗೆ ಹೋಗುವುದು ತೀರಾ ಕಡಿಮೆ. ಬದಲಾಯಿಸುವ ಕೆಲಸ ನಿಮ್ಮ ಹೃದಯದ ಡಾಕ್ಟರದ್ದು.

ಆ ಹೆಸರು ಯಾವ ಸ್ಟ್ರಿಪ್‌ನಲ್ಲೂ ಇಲ್ಲ ಅಂದುಕೊಳ್ಳಿ. ಆಗ ಬೇರೆ ಕಡೆ ಹುಡುಕಬೇಕು. ಪ್ರಾಸ್ಟೇಟ್‌ಗೆ, ಕೂದಲು ಉದುರದಿರಲಿ ಅಂತ ಕೊಡುವ ಫಿನಾಸ್ಟರೈಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು, ಜಿಮ್‌ನಲ್ಲಿ ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್, ಎಲ್ಲವೂ ಇದನ್ನು ತರಬಲ್ಲವು. ಕುಡಿತದಿಂದ ಲಿವರ್ ಹಾಳಾದರೂ, ಥೈರಾಯ್ಡ್ ಅತಿಯಾದರೂ ಹೀಗಾಗುತ್ತದೆ. ವಯಸ್ಸಾದಂತೆ ಹೊಟ್ಟೆಯ ಕೊಬ್ಬು ಟೆಸ್ಟೋಸ್ಟೆರಾನನ್ನೇ ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ, ಹಾಗಾಗಿ ಮಗನ ಮಾತೂ ಪೂರ್ತಿ ತಪ್ಪಲ್ಲ! 13-14ರ ಹುಡುಗರಲ್ಲಿ ಕಂಡರೆ ಮಾತ್ರ ಸಾಮಾನ್ಯವಾಗಿ ಗಾಬರಿ ಬೇಡ, ಹೆಚ್ಚಿನವರಿಗೆ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ.

ಇನ್ನು ಕ್ಯಾನ್ಸರ್. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಆದರೆ ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಅದು ಶೇ. 1ರ ಆಸುಪಾಸು. ಆ ಗಂಟು ಹೆಚ್ಚಾಗಿ ಕಲ್ಲಿನ ಹಾಗೆ ಗಟ್ಟಿ, ನೋವಿಲ್ಲ, ತೊಟ್ಟಿನ ಮಧ್ಯಕ್ಕಿಂತ ಒಂದು ಬದಿಗೆ. ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ರಕ್ತ ಒಸರಿದರೆ, ಚರ್ಮ ಗುಳಿ ಬಿದ್ದರೆ, ಕಂಕುಳಲ್ಲಿ ಗಂಟಿದ್ದರೆ ಈ ವಾರವೇ ಸರ್ಜನ್ ಹತ್ತಿರ ಹೋಗಿ. ವೃಷಣವನ್ನೂ ಮುಟ್ಟಿ ನೋಡಿಕೊಳ್ಳಿ. ಅಲ್ಲಿನ ಗೆಡ್ಡೆಯೊಂದು ಬೇಡದ ಹಾರ್ಮೋನ್ ಸುರಿಸಿ ಎದೆ ಉಬ್ಬಿಸುವುದುಂಟು. ನಾಚಿಕೆಯಿಂದ ಜನ ಇದನ್ನು ಹೇಳುವುದೇ ಇಲ್ಲ.

ಇವು ಯಾವುದೂ ಇಲ್ಲದಿದ್ದರೂ ನಿಮ್ಮ ವಯಸ್ಸಿಗೆ ಹೊಸ ಗಂಟನ್ನು ಡಾಕ್ಟರು ಕೈಯಿಟ್ಟು ನೋಡಲೇಬೇಕು. ಅನುಮಾನ ಬಂದರೆ ಮ್ಯಾಮೊಗ್ರಾಂ ಅನ್ನುವ ಸ್ತನದ ಎಕ್ಸ್‌ರೇ ಮಾಡಿಸುತ್ತಾರೆ, ಗಂಡಸರಿಗೂ ಮಾಡುತ್ತಾರೆ. ಮಾತ್ರೆಯೇ ಕಾರಣ ಅಂತಾದರೆ, ಅದು ಬದಲಾದ ಒಂದೆರಡು ತಿಂಗಳಲ್ಲಿ ನೋವು ಇಳಿಯಬೇಕು, ಗಂಟೂ ಮೆತ್ತಗಾಗಬೇಕು. ಇಳಿಯದಿದ್ದರೆ ಮತ್ತೆ ಹೋಗಿ ತೋರಿಸಿ, ಆಗ ಹಾರ್ಮೋನ್ ಪರೀಕ್ಷೆಗಳ ಸರದಿ. ಸುಮ್ನೆ ವರ್ಷಗಟ್ಟಲೆ ಕಾಯಬೇಡಿ. ಸುಮಾರು ಒಂದು ವರ್ಷ ದಾಟಿದರೆ ಗ್ರಂಥಿ ನಾರಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಔಷಧಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ. ಹೋಗುವಾಗ ನಾಲ್ಕೂ ಸ್ಟ್ರಿಪ್ ಜೇಬಿನಲ್ಲಿರಲಿ. ಆಯುರ್ವೇದದ ಪುಡಿ, ಜಿಮ್‌ನವರು ಕೊಟ್ಟ ಡಬ್ಬಿ ಏನಾದರೂ ಇದ್ದರೆ ಅದನ್ನೂ ಒಯ್ಯಿರಿ.