ಫಲಾನುಭವಿ ತಲಾ ವೆಚ್ಚ: ಶಿಬಿರದ ಬಜೆಟ್‌ನಲ್ಲಿ ಒಬ್ಬರಿಗೆಷ್ಟು?

ಆರೋಗ್ಯ ಶಿಬಿರದ ಬಜೆಟ್ ಹಾಳೆಯ ಕೊನೆಯಲ್ಲಿ ‘ಫಲಾನುಭವಿ ತಲಾ ವೆಚ್ಚ’ ಎಂಬ ಅಂಕಿ ಇರುತ್ತದೆ. ಒಟ್ಟು ಖರ್ಚನ್ನು ಸೇವೆ ಪಡೆಯುವ ಮಂದಿಯ ಸಂಖ್ಯೆಯಿಂದ ಭಾಗಿಸಿದರೆ ಇದು ಬರುತ್ತದೆ. ಭಾಗಾಕಾರ ನಾಲ್ಕನೇ ಇಯತ್ತೆಯದು. ತಕರಾರು ಹುಟ್ಟುವುದು ಭಾಗಿಸುವ ಸಂಖ್ಯೆ ಎಲ್ಲಿಂದ ಬಂತು ಎಂಬಲ್ಲಿ.

ಹುಬ್ಬಳ್ಳಿಯ ತಂಡವೊಂದು ರೋಣ ತಾಲ್ಲೂಕಿನ ಹಳ್ಳಿಯಲ್ಲಿ ಒಂದು ದಿನದ ಬಿ.ಪಿ., ಶುಗರ್ ತಪಾಸಣೆ ಇಟ್ಟುಕೊಂಡಿದೆ ಎನ್ನಿ. ಲೆಕ್ಕ ತಿಳಿಯಲೆಂದು ದರಗಳನ್ನು ನಾವೇ ಹಾಕಿಕೊಳ್ಳೋಣ. ವಾಹನಕ್ಕೆ 6,500, ಇಬ್ಬರು ವೈದ್ಯರಿಗೆ ತಲಾ 4,000ದಂತೆ 8,000, ನರ್ಸ್ ಮತ್ತು ಲ್ಯಾಬ್ ಸಿಬ್ಬಂದಿಗೆ 6,000, ಶಾಮಿಯಾನ, ಕುರ್ಚಿ, ಮೈಕಿಗೆ 5,500, ಪ್ರಚಾರಕ್ಕೆ 2,500, ತಂಡದ ಊಟಕ್ಕೆ 1,500. ಒಟ್ಟು 30,000 ರೂಪಾಯಿ. ಹತ್ತು ಜನ ಬರಲಿ, ಮುನ್ನೂರು ಜನ ಬರಲಿ, ಇದು ಕೊಡಲೇಬೇಕಾದ ದುಡ್ಡು. ಇನ್ನೊಂದು ಬಗೆಯದು ತಲೆಗಿಷ್ಟು ಎಂದು ಏರುವ ಖರ್ಚು: ಶುಗರ್ ಸ್ಟ್ರಿಪ್, ಸೂಜಿ, ಹತ್ತಿಗೆ 25, ಔಷಧಿಗೆ ಸರಾಸರಿ 65, ಕಾರ್ಡ್ ಮತ್ತು ಚಹಾಕ್ಕೆ 10. ಒಬ್ಬರಿಗೆ 100 ರೂಪಾಯಿ.

ಅರ್ಜಿಯಲ್ಲಿ 300 ಫಲಾನುಭವಿಗಳು ಎಂದು ಬರೆದರೆ ಒಟ್ಟು 60,000, ತಲಾ 200. ನೋಡಲು ಅಗ್ಗ. ಹಣ ಕೊಡುವವರೂ ಇಲ್ಲಿಗೇ ತಲೆಯಾಡಿಸಿಬಿಡುತ್ತಾರೆ. ಆದರೆ ಅಂಕಿ ಕಡಿಮೆ ಇದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ಅದನ್ನು ಮೊದಲು ಗಡಿಯಾರದ ಎದುರು ಹಿಡಿಯಬೇಕು.

ಶಿಬಿರ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ, ಅಂದರೆ 300 ನಿಮಿಷ. ಇಬ್ಬರು ವೈದ್ಯರಿಂದ 600 ನಿಮಿಷ. ರೀಡಿಂಗ್ ನೋಡಿ, ಹಳೆಯ ಮಾತ್ರೆ ಚೀಟಿ ಕೇಳಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳಲು ಒಬ್ಬರಿಗೆ ನಾಲ್ಕು ನಿಮಿಷವಾದರೂ ಬೇಕು. ಹಾಗಾದರೆ ನೋಡಲಾಗುವುದು 150 ಜನರನ್ನು. ಮುನ್ನೂರು ಜನರನ್ನು ನೂಕಿದರೆ ತಲೆಗೆ ಎರಡೇ ನಿಮಿಷ. ಬಿ.ಪಿ. ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಸಾಲಿನಿಂದ ಎದ್ದು ಬಂದವರ ತೋಳಿಗೆ ನೇರವಾಗಿ ಪಟ್ಟಿ ಕಟ್ಟಿದರೆ ರೀಡಿಂಗ್ ಸುಳ್ಳೇ ಹೆಚ್ಚು ತೋರಿಸಬಹುದು. 150 ಜನಕ್ಕೆ ಲೆಕ್ಕ ಹಾಕಿ: 30,000 ಮತ್ತು 15,000 ಸೇರಿ 45,000, ತಲಾ 300. ಈ ಬಜೆಟ್‌ನ ನಿಜವಾದ ಅಂಕಿ ಇದು.

ಇದನ್ನು ಇಳಿಸುವ ದಾರಿ ಶಾಮಿಯಾನದ ಬಾಡಿಗೆಯಲ್ಲಿ ಚೌಕಾಶಿ ಮಾಡುವುದಲ್ಲ. ಇನ್ನಿಬ್ಬರು ವೈದ್ಯರನ್ನು ಕರೆದರೆ 8,000, ಅವರು ಕೂರಲು ದೊಡ್ಡ ವಾಹನಕ್ಕೆ 2,000 ಹೆಚ್ಚು. ಬದಲಾಗದ ಖರ್ಚು 40,000ಕ್ಕೆ ಏರಿದರೂ 300 ಜನರನ್ನು ಸಾವಕಾಶ ನೋಡಬಹುದು. ಒಟ್ಟು 70,000, ತಲಾ 233 ಚಿಲ್ಲರೆ. ಹೆಚ್ಚು ಖರ್ಚು ಮಾಡಿಯೂ ತಲಾ ವೆಚ್ಚ ಇಳಿಯುತ್ತದೆ, ಏಕೆಂದರೆ ಪ್ರಚಾರ, ಶಾಮಿಯಾನದ ದುಡ್ಡು ಎರಡು ಪಟ್ಟು ಜನರಿಗೆ ಹಂಚಿಹೋಗುತ್ತದೆ. ಆದರೆ ಅಷ್ಟು ಜನ ಬರುತ್ತಾರೆಯೇ? ಊರಿನ 30 ವರ್ಷ ದಾಟಿದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಮೊದಲೇ ನೋಡಬೇಕು. ಹೊಲದಲ್ಲಿ ಹೆಸರುಕಾಳಿನ ಕಾಯಿ ಬಿಡಿಸುವ ಹೊತ್ತಿನಲ್ಲಿ, ಆಗಸ್ಟ್ ತಿಂಗಳಲ್ಲಿ, ದಿನಾಂಕ ಇಟ್ಟರೆ ದುಡಿಯುವ ವಯಸ್ಸಿನವರು ಹೊಲದಲ್ಲೇ ಇರುತ್ತಾರೆ. ಮೊದಲ ಬಜೆಟ್ ಹಿಡಿದು 300 ಜನಕ್ಕೆ ಔಷಧಿ, ಸ್ಟ್ರಿಪ್ ಎಲ್ಲ ಕೊಂಡು, 150 ಜನ ಮಾತ್ರ ಬಂದು, ಉಳಿದ ಸಾಮಾನು ಅಂಗಡಿಗೆ ಮರಳದಿದ್ದರೆ ಆಗ 60,000ವನ್ನು 150ರಿಂದ ಭಾಗಿಸಬೇಕು. ತಲಾ 400. ಆದ್ದರಿಂದ ಸೀಲು ಒಡೆಯದ ಡಬ್ಬಿ ವಾಪಸ್ ತೆಗೆದುಕೊಳ್ಳುವ ಮಾತನ್ನು ಕೊಳ್ಳುವಾಗಲೇ ಆಡಿಕೊಳ್ಳುವುದು ಒಳ್ಳೆಯದು.

ಶಿಬಿರ ಮುಗಿದ ಮೇಲಿನ ವರದಿಯಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಬಿ.ಪಿ. ಟೇಬಲ್ಲಿನವರು 150, ಶುಗರ್ ಟೇಬಲ್ಲಿನವರು 150 ಎಂದು ಬರೆದುಕೊಟ್ಟರೆ ಎರಡನ್ನೂ ಕೂಡಿಸಿ ‘300 ಫಲಾನುಭವಿಗಳು’ ಎನ್ನುತ್ತಾರೆ. ಅದು ತಪಾಸಣೆಗಳ ಎಣಿಕೆ, ಮಂದಿಯ ಎಣಿಕೆಯಲ್ಲ. ಪತ್ತೆ ಹಚ್ಚುವುದು ಸುಲಭ: ನೋಂದಣಿ ಪುಸ್ತಕದ ಕೊನೆಯ ಕ್ರಮಸಂಖ್ಯೆ ನೋಡಿ, ಖಾಲಿಯಾದ ಸ್ಟ್ರಿಪ್ ಡಬ್ಬಿ ಎಣಿಸಿ. 25ರ ಆರು ಡಬ್ಬಿ ಖಾಲಿಯಾಗಿದ್ದರೆ, ಕೆಟ್ಟುಹೋದ ನಾಲ್ಕಾರು ಬಿಟ್ಟು, ಶುಗರ್ ನೋಡಿಸಿಕೊಂಡವರು 150 ದಾಟಲು ಸಾಧ್ಯವಿಲ್ಲ.

ಬೇರೆ ಶಿಬಿರದೊಡನೆ ಹೋಲಿಸುವುದಾದರೆ ಒಂದೇ ಬಗೆಯದನ್ನು ಹೋಲಿಸಬೇಕು. ಕನ್ನಡಕ ಹಂಚುವ ಶಿಬಿರದ ತಲಾ ವೆಚ್ಚ ಬಿ.ಪಿ. ಶಿಬಿರಕ್ಕಿಂತ ಹೆಚ್ಚಾದರೆ ಅದರಲ್ಲಿ ಆಶ್ಚರ್ಯವಿಲ್ಲ. 300 ಜನರಲ್ಲಿ 40 ಜನಕ್ಕೆ 250 ರೂಪಾಯಿಯ ಕನ್ನಡಕ ಕೊಟ್ಟರೆ ಆ 10,000ವನ್ನು ಎಲ್ಲರ ಮೇಲೆ ಹರಡದೆ ಬೇರೆ ಸಾಲಿನಲ್ಲಿ ತೋರಿಸಬೇಕು. ಶಾಲೆಯವರು ಕೋಣೆ ಪುಕ್ಕಟೆ ಕೊಟ್ಟಿದ್ದರೆ, ವೈದ್ಯರು ಗೌರವಧನ ಬೇಡ ಎಂದಿದ್ದರೆ, ಅದರ ಬೆಲೆಯನ್ನೂ ‘ದಾನವಾಗಿ ಬಂದದ್ದು’ ಎಂಬ ಕಾಲಮ್ಮಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಶಿಬಿರಕ್ಕೆ ಖರ್ಚು ಏಕಾಏಕಿ ಏರಿದ್ದೇಕೆ ಎಂದು ಆಡಿಟರ್ ಕೇಳಿದಾಗ ತೋರಿಸಲು ಹಾಳೆಯಲ್ಲಿ ಏನೂ ಇರುವುದಿಲ್ಲ.