ಕಂಕುಳ ಕುರು ಮತ್ತು ಹೆಗ್ಗಣದ ಬಿಲ

ದಾವಣಗೆರೆಯ ನಮ್ಮ ಓಣಿಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಮೂರು ವರ್ಷದಿಂದ ಬಲಗಂಕುಳಲ್ಲಿ ಕುರು ಏಳುತ್ತಲೇ ಇತ್ತು. ಎರಡು ಸಲ ಕೊಯ್ಸಿ ಕೀವು ತೆಗೆಸಿದ್ದಳು. ಒಣಗಿತು ಅನ್ನುವಷ್ಟರಲ್ಲಿ ಬೆರಳಗಲ ಪಕ್ಕದಲ್ಲಿ ಇನ್ನೊಂದು. "ಉಷ್ಣದ ಮೈ, ಮಾವಿನಹಣ್ಣು ಬಿಡು" ಎಂದು ಮನೆಯಲ್ಲಿ ಹೇಳಿದರು. "ಸರಿಯಾಗಿ ಮೈ ತೊಳ್ಕಳಲ್ಲ ಅನ್ಸುತ್ತೆ" ಎಂದು ಪಕ್ಕದ ಮನೆಯಲ್ಲಿ ಆಡಿಕೊಂಡರು. ಈ ಎರಡನೆಯ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಇದು ಕೊಳೆಯಿಂದ ಬರುವ ಕಾಯಿಲೆಯಲ್ಲ, ಅಂಟುವ ಕಾಯಿಲೆಯೂ ಅಲ್ಲ.

ಇದರ ಹೆಸರು ಹೈಡ್ರಾಡಿನೈಟಿಸ್ ಸಪ್ಪುರೇಟಿವಾ. ಡಾಕ್ಟರುಗಳು ಎಚ್‌ಎಸ್ ಅನ್ನುತ್ತಾರೆ. ಆ ಉದ್ದ ಹೆಸರಿನ ಅರ್ಥ ಕೀವು ತುಂಬಿದ ಬೆವರು ಗ್ರಂಥಿಯ ಉರಿಯೂತ. ತಮಾಷೆ ಏನೆಂದರೆ ಹೆಸರೇ ತಪ್ಪು. 1854ರಲ್ಲಿ ವರ್ನೂಯಿ ಎಂಬ ಫ್ರೆಂಚ್ ಸರ್ಜನ್ ಕಂಕುಳನ್ನು ನೋಡಿ, ಇಲ್ಲಿ ಬೆವರು ಗ್ರಂಥಿ ಜಾಸ್ತಿ, ತಪ್ಪು ಅದರದ್ದೇ ಎಂದು ತೀರ್ಮಾನಿಸಿದ. ನೂರು ವರ್ಷಕ್ಕೂ ಮೀರಿ ಲೋಕ ಅದನ್ನೇ ನಂಬಿತು. ಆಮೇಲೆ ಚರ್ಮದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊತ್ತಾಯಿತು: ಕೆಡುವುದು ಕೂದಲಿನ ಚೀಲ. ಬೆವರು ಗ್ರಂಥಿಗೆ ಪೆಟ್ಟು ಬೀಳುವುದು ಆಮೇಲೆ.

ಪ್ರತಿ ಕೂದಲೂ ಚರ್ಮದೊಳಗೆ ಸಣ್ಣ ಚೀಲದಲ್ಲಿ ನಿಂತಿರುತ್ತದೆ. ಎಚ್‌ಎಸ್‌ನಲ್ಲಿ ಆ ಚೀಲದ ಕತ್ತಿನಲ್ಲಿ ಸತ್ತ ಚರ್ಮದ ಕಣಗಳು ಗಟ್ಟಿ ಬಿರಡೆಯಾಗುತ್ತವೆ. ಒಳಗಿನ ಜಿಡ್ಡು ಹೊರಬರಲಾಗದೆ ಚೀಲ ಉಬ್ಬುತ್ತದೆ. ಕಂಕುಳು, ತೊಡೆಸಂದಿನಲ್ಲಿ ಚರ್ಮಕ್ಕೆ ಚರ್ಮ ಉಜ್ಜುತ್ತಲೇ ಇರುತ್ತದಲ್ಲ, ಒಂದು ದಿನ ಅದು ಒಳಗಡೆಗೇ ಒಡೆಯುತ್ತದೆ. ಚೆಲ್ಲಿದ ಜಿಡ್ಡು, ಕೂದಲ ಚೂರು ನಮ್ಮದೇ ಸರಕು. ಆದರೆ ದೇಹದ ರಕ್ಷಣಾ ಪಡೆ ಅದನ್ನು ಪರಕೀಯ ಎಂದುಕೊಂಡು ಮುಗಿಬೀಳುತ್ತದೆ. ಕೀವು ಆ ಕಾಳಗದ್ದು.

ಮಾಮೂಲಿ ಕುರುವಿನ ಕಥೆ ಬೇರೆ. ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಹೊಕ್ಕು ಒಂದು ಕಡೆ ಕೀವಿನ ಗುಡ್ಡೆ ಕಟ್ಟುತ್ತದೆ. ಕೊಯ್ದರೆ ಖಾಲಿ, ಗೋಡೆಗಳು ಒಂದಕ್ಕೊಂದು ಅಂಟಿ ಗುಣವಾಗುತ್ತದೆ. ಜ್ವರ ಬಂದು, ಕೆಂಪು ಸುತ್ತ ಹರಡುತ್ತಿದ್ದರೆ ಮಾತ್ರ ಯಾವ ಕುರುವಾದರೂ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಎಚ್‌ಎಸ್‌ನಲ್ಲಿ ಹಾಗೆ ಅಂಟುವುದಿಲ್ಲ ಏಕೆ? ಇದು ನನಗೆ ಬಹಳ ಇಷ್ಟವಾದ ಭಾಗ. ಮತ್ತೆ ಮತ್ತೆ ಒಡೆದ ಜಾಗದಲ್ಲಿ ಚರ್ಮದ ಕಣಗಳು ಕೀವಿನ ದಾರಿಯುದ್ದಕ್ಕೂ ಒಳಗೆ ಬೆಳೆದು ಅಸ್ತರಿ ಹಾಕಿಬಿಡುತ್ತವೆ. ಮಣ್ಣಿನ ಕಾಲುವೆ ನೀರು ನಿಂತರೆ ತಾನೇ ಕುಸಿದು ಮುಚ್ಚಿಕೊಳ್ಳುತ್ತದೆ. ಸಿಮೆಂಟ್ ಬಳಿದ ಕಾಲುವೆ ಹಾಗೇ ಇರುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಬದುವಿನಲ್ಲಿ ಹೆಗ್ಗಣ ಬಿಲ ತೋಡಿದೆ. ನೀರು ಸೋರುವ ಬಾಯಿಗೆ ಮಣ್ಣು ಮೆತ್ತುತ್ತೀರಿ. ನಾಳೆ ಎರಡು ಮಾರು ಆಚೆ ಸೋರುತ್ತದೆ. ಬಿಲವನ್ನು ಉದ್ದಕ್ಕೂ ಅಗೆದು ತೆರೆಯದೆ ಬೇರೆ ದಾರಿಯಿಲ್ಲ.

ಸರ್ಜನ್‌ಗಳು ಮಾಡುವುದೂ ಅದನ್ನೇ. ಸಲಾಕೆಯಂಥ ತೆಳು ಕಡ್ಡಿಯನ್ನು ಸುರಂಗದೊಳಗೆ ತೂರಿಸಿ, ಅದು ಹೋದಷ್ಟೂ ದೂರ ಮೇಲಿನ ಚರ್ಮದ ಮಾಡು ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಹಾಕದೆ ತೆರೆದೇ ಬಿಡುತ್ತಾರೆ, ತಳದಿಂದ ಮಾಗುತ್ತದೆ. ಬರೀ ಕೊಯ್ದು ಕೀವು ತೆಗೆದರೆ ನೋವು ಇಳಿಯುತ್ತದೆ, ಆದರೆ ಹೆಚ್ಚುಕಡಿಮೆ ಎಲ್ಲರಿಗೂ ಮರಳಿ ಬರುತ್ತದೆ.

ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಡ, ರಕ್ತಪರೀಕ್ಷೆಯಲ್ಲಿ ಸಿಗುವಂಥದ್ದೂ ಅಲ್ಲ. ನೋವಿನ ಆಳದ ಗಂಟು, ಕಂಕುಳು ಅಥವಾ ತೊಡೆಸಂದಿನಂಥ ಜಾಗ, ಆರು ತಿಂಗಳಲ್ಲಿ ಎರಡಾದರೂ ಸಲ. ಜೊತೆಗೆ ಒಂದರ ಪಕ್ಕ ಒಂದು ಎರಡು ಬಾಯಿಯ ಕಪ್ಪು ಚುಕ್ಕೆ ಕಂಡರೆ ಅನುಮಾನ ಗಟ್ಟಿ. ಕೀವನ್ನು ಲ್ಯಾಬಿಗೆ ಕಳಿಸಿದರೆ ಚರ್ಮದ ಮೇಲಿನ ಮಾಮೂಲಿ ಬ್ಯಾಕ್ಟೀರಿಯಾಗಳೇ ಬರಬಹುದು, ಏನೂ ಬೆಳೆಯದೆಯೂ ಇರಬಹುದು. ಸಕ್ಕರೆ ಕಾಯಿಲೆ ಇದೆಯೇ ಎಂದು ಮಾತ್ರ ನೋಡಿಸಬೇಕು. ಬೀಡಿ ಸಿಗರೇಟು ಸೇದುವವರಲ್ಲಿ, ತೂಕ ಹೆಚ್ಚಿರುವವರಲ್ಲಿ ಇದು ಜಾಸ್ತಿ. ಕೆಲವು ಮನೆತನಗಳಲ್ಲಿ ಹರಿದೂ ಬರುತ್ತದೆ.

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ವಾರಗಟ್ಟಲೆ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುತ್ತದೆಂದೇ ಕೊಡುವುದು. ಐದು ದಿನಕ್ಕೆ ನಿಲ್ಲಿಸಿ "ಫಲ ಕೊಡಲಿಲ್ಲ" ಅಂದರೆ ಏನು ಹೇಳುವುದು? ಕಾಯಿಲೆ ಜೋರಾದವರಿಗೆ ಅಡಾಲಿಮುಮ್ಯಾಬ್ ಚುಚ್ಚುಮದ್ದಿದೆ. ಬೆಲೆ ಹಗುರವಲ್ಲ.

ಕೊನೆಗೆ ಆ ಹೆಣ್ಣುಮಗಳು ಚರ್ಮದ ಡಾಕ್ಟರ ಹತ್ತಿರ ಹೋದಳು. ಅವರು ಕೇಳಿದ ಮೊದಲ ಪ್ರಶ್ನೆ, "ತೊಡೆಸಂದಿನಲ್ಲೂ ಏಳುತ್ತಾ ತಾಯಿ?" ಏಳುತ್ತಿತ್ತು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ, ಮುಂಚೆ ಕೊಯ್ದವರೂ ಕೇಳಿರಲಿಲ್ಲ. ಕಂಕುಳ ಸುರಂಗ ತೆರೆಸಿದ ಗಾಯ ಮಾಗಲು ಐದು ವಾರ ಹಿಡಿಯಿತು. ಅಲ್ಲಿ ಈಗ ಗೆರೆಯಂಥ ಕಲೆ ಮಾತ್ರ. ತೊಡೆಸಂದಿನಲ್ಲಿ ಮುಟ್ಟಿನ ಮುಂಚೆ ಒಂದು ಗಂಟು ಈಗಲೂ ಎದ್ದು ಇಳಿಯುತ್ತದೆ.