ಆಫ್ ಮಾಡಿ ಆನ್ ಮಾಡಿದಾಗ ಅಳಿಸಿಹೋಗುವುದೇನು?

ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯಲ್ಲಿ ಈಗ ಸಣ್ಣ ಕಿರಾಣಿ ಅಂಗಡಿಯಲ್ಲೂ ಮೊಬೈಲಿನಲ್ಲಿ ಬಿಲ್ಲಿಂಗ್ ಆ್ಯಪ್, ಪಕ್ಕದಲ್ಲಿ ಪುಟ್ಟ ಬ್ಲೂಟೂತ್ ಪ್ರಿಂಟರ್ ಇರುತ್ತವೆ. ಬಿಲ್ ಅರ್ಧ ಹೊರಬಂದಾಗ ಕರೆಂಟ್ ಹೋಗಿ, ಮರುಗಳಿಗೆಯಲ್ಲೇ ಬಂತು ಅನ್ನಿ. ಪ್ರಿಂಟರಿನ ದೀಪ ಮತ್ತೆ ಹತ್ತಿತು. ಆ್ಯಪಿನಲ್ಲಿ ಮಾತ್ರ ‘Printing’ ಎಂಬ ಚಕ್ರ ತಿರುಗುತ್ತಲೇ ಇದೆ, ಪ್ರಿಂಟ್ ಬಟನ್ ಒತ್ತಿದರೂ ಜಪ್ಪಯ್ಯ ಅನ್ನುತ್ತಿಲ್ಲ. ಗಿರಾಕಿಗಳು ಕಾಯುತ್ತಿದ್ದಾರೆ. “ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಅಣ್ಣಾರ, ಸರಿ ಆಗ್ತೈತಿ” ಎನ್ನುತ್ತಾನೆ ಕೆಲಸದ ಹುಡುಗ. ಸರಿಯೂ ಆಗುತ್ತದೆ. ಯಾಕೆ ಎಂದು ತಿಳಿಯಲು ಆ್ಯಪಿನೊಳಗಿನ ಮೂರೇ ಸಾಲು ಸಾಕು.

```
printing = true
printer.send(bill)
printing = false
```

ಮೊದಲ ಸಾಲು ‘ಈಗ ಮುದ್ರಣ ನಡೆದಿದೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಗಡಿಬಿಡಿಯಲ್ಲಿ ಎರಡು ಸಲ ಒತ್ತಿ ಎರಡು ಬಿಲ್ ಬರಬಾರದಲ್ಲ, ಅದಕ್ಕೆ ಈ ಗುರುತು ಇರುವವರೆಗೆ ಬಟನ್ ಕೆಲಸ ಮಾಡುವುದಿಲ್ಲ. ಎರಡನೇ ಸಾಲು ಬಿಲ್ಲನ್ನು ಪ್ರಿಂಟರಿಗೆ ಕಳಿಸುತ್ತದೆ. ಮೂರನೆಯದು ಗುರುತನ್ನು ತೆಗೆಯುತ್ತದೆ. ಕರೆಂಟ್ ಹೋದದ್ದು ಎರಡನೇ ಸಾಲು ನಡೆಯುತ್ತಿದ್ದಾಗ. ಸಂಪರ್ಕ ಕಡಿದು ಅಲ್ಲೊಂದು ದೋಷ ಹುಟ್ಟಿತು, ಆ್ಯಪ್ ಅಲ್ಲಿಂದಲೇ ಬೇರೆ ಕಡೆ ಜಿಗಿಯಿತು, ಮೂರನೇ ಸಾಲಿಗೆ ಬರಲೇ ಇಲ್ಲ. ಗುರುತು ಹಾಗೇ ಉಳಿಯಿತು. ಇನ್ನು ಎಷ್ಟು ಹೊತ್ತು ಕಾದರೂ ಅದನ್ನು ತೆಗೆಯುವವರಿಲ್ಲ.

ಆ ಗುರುತು ಇರುವುದು ರ‍್ಯಾಮ್‌ನಲ್ಲಿ, ಅಂದರೆ ಆ್ಯಪ್ ಓಡುತ್ತಿರುವಾಗ ಮಾತ್ರ ಬಳಸುವ ಕೆಲಸದ ನೆನಪಿನಲ್ಲಿ. ಹಳೆಯ ಬಿಲ್ಲುಗಳು, ಗಿರಾಕಿಗಳ ಉದ್ರಿ, ಸರಕಿನ ದರ ಇವೆಲ್ಲ ಇರುವುದು ಸ್ಟೋರೇಜ್‌ನಲ್ಲಿ. ಅಂಗಡಿಯವರು ಕೈಗೆ ಸಿಕ್ಕ ಚೀಟಿಯ ಮೇಲೆ ಕೂಡಿಸಿ ಕಳೆದು, ಕೊನೆಯ ಮೊತ್ತವನ್ನಷ್ಟೇ ಕಿರ್ದಿಯಲ್ಲಿ ಬರೆಯುವಂತೆ ಇದು. ಆ್ಯಪ್ ನಿಂತಾಗ ಆಂಡ್ರಾಯ್ಡ್ ಅದರ ಪಾಲಿನ ರ‍್ಯಾಮ್ ಅನ್ನು ಪೂರ್ತಿ ವಾಪಸ್ ಪಡೆಯುತ್ತದೆ. ಅದು ತೆರೆದಿಟ್ಟಿದ್ದ ಸಂಪರ್ಕಗಳನ್ನೂ ಮುಚ್ಚುತ್ತದೆ. ಮತ್ತೆ ತೆರೆದಾಗ ಆ್ಯಪ್ ಸ್ಟೋರೇಜ್‌ನಿಂದ ಬಿಲ್ಲುಗಳನ್ನು ಓದಿಕೊಳ್ಳುತ್ತದೆ, ಮುದ್ರಣದ ಗುರುತನ್ನು ಮಾತ್ರ ಹೊಸದಾಗಿ ‘ಇಲ್ಲ’ ಎಂದೇ ಶುರುಮಾಡುತ್ತದೆ. ಬಟನ್‌ಗೆ ಜೀವ ಬರುತ್ತದೆ.

ಇಲ್ಲಿ ರಿಪೇರಿ ಆದದ್ದು ಏನೂ ಇಲ್ಲ. ಆ ಮೂರು ಸಾಲು ನಿನ್ನೆ ಹೇಗಿದ್ದವೋ ಇಂದೂ ಹಾಗೇ ಇವೆ, ನಾಳೆ ಮುದ್ರಣದ ನಡುವೆ ಕರೆಂಟ್ ಹೋದರೆ ಮತ್ತೆ ಇದೇ ಪಾಡು. ರೀಸ್ಟಾರ್ಟ್ ಮಾಡಿದ್ದು ಇಷ್ಟೇ: ಆ್ಯಪ್ ತಲುಪಿದ್ದ ವಿಚಿತ್ರ ಸ್ಥಿತಿಯನ್ನು ಎಸೆದು ಅದನ್ನು ಮೊದಲ ಮೆಟ್ಟಿಲಿಗೆ ತಂದು ನಿಲ್ಲಿಸಿತು. ಆ ಮೊದಲ ಮೆಟ್ಟಿಲು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಆ್ಯಪ್ ಬರೆಯುವವರು ದಿನಾ ಹತ್ತಾರು ಸಲ ಅದನ್ನು ಹೊಸದಾಗಿ ತೆರೆದು ನೋಡುತ್ತಾರೆ. ಅರ್ಧ ಬಿಲ್ಲಿನಲ್ಲಿ ಪ್ರಿಂಟರಿನ ವೈರ್ ಕಿತ್ತು ನೋಡುವವರು ಕಡಿಮೆ.

ಆದರೆ ಆ್ಯಪನ್ನು ನಿಲ್ಲಿಸುವುದು ಎಂದರೆ ಯಾವುದು? ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬೆರಳಲ್ಲಿ ಮೇಲಕ್ಕೆ ಸರಿಸಿ ಬಿಟ್ಟರೆ ಆ್ಯಪ್ ನಿಂತಿತು ಎಂದು ಬಹಳ ಜನ ನಂಬಿದ್ದಾರೆ. ಅದರಿಂದ ಹೋಗುವುದು ಕಣ್ಣಿಗೆ ಕಾಣುವ ಪರದೆ. ಬಿಲ್ಲುಗಳನ್ನು ಸರ್ವರ್‌ಗೆ ಕಳಿಸುವ ಹಿನ್ನೆಲೆಯ ಕೆಲಸ ನಡೆಯುತ್ತಿದ್ದರೆ ಆ್ಯಪ್ ಒಳಗೊಳಗೇ ಓಡುತ್ತಲೇ ಇರಬಹುದು, ಹಾಳು ಗುರುತೂ ಅದರ ಜೊತೆಗೇ ಉಳಿದಿರಬಹುದು. ಖಾತ್ರಿಯಾಗಿ ನಿಲ್ಲಿಸಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಪುಟಕ್ಕೆ ಹೋಗಿ ‘Force stop’ ಒತ್ತಬೇಕು. ಎಷ್ಟೋ ಸಲ ಇಡೀ ಮೊಬೈಲ್ ಬಂದ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಕೆಲವೊಮ್ಮೆ ಅದೂ ಸಾಲದು, ಯಾಕೆಂದರೆ ತಪ್ಪು ನೆನಪು ಆ್ಯಪಿನದ್ದೇ ಆಗಿರಬೇಕೆಂದಿಲ್ಲ. ಬ್ಲೂಟೂತ್ ಎಂಬುದು ಮೊಬೈಲಿನೊಳಗೆ ಬೇರೆಯೇ ನಡೆಯುವ ಕೆಲಸ, ಅದಕ್ಕೆ ತನ್ನದೇ ನೆನಪಿದೆ. ಪ್ರಿಂಟರ್ ಜೊತೆಗಿನ ಹಳೆಯ ಸಂಪರ್ಕ ಇನ್ನೂ ಇದೆ ಎಂದು ಅದು ತಿಳಿದು ಕೂತಿದ್ದರೆ ಆ್ಯಪನ್ನು ಎಷ್ಟು ಸಲ ನಿಲ್ಲಿಸಿದರೂ ‘connect ಆಗಲಿಲ್ಲ’ ಎಂದೇ ಬರುತ್ತದೆ. ಆಗ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಬೇಕು. ಪ್ರಿಂಟರಿಗೂ ಸ್ವಲ್ಪ ನೆನಪಿರುತ್ತದೆ. ಕರೆಂಟ್ ಹೋಗದೆ ಬರೀ ಸಂಪರ್ಕ ಕಡಿದಿದ್ದರೆ ಅರ್ಧ ಬಿಲ್ ಅದರಲ್ಲೇ ಉಳಿದು, ಮುಂದಿನ ಬಿಲ್ಲಿನ ತಲೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರಬಹುದು. ಅದಕ್ಕೆ ಮೊಬೈಲ್ ರೀಸ್ಟಾರ್ಟ್ ಮಾಡಿ ಉಪಯೋಗವಿಲ್ಲ, ಪ್ರಿಂಟರಿನ ಸ್ವಿಚ್ಚನ್ನೇ ಆರಿಸಬೇಕು. ಮೊಬೈಲ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಆ್ಯಪ್‌ಗಳ ರ‍್ಯಾಮ್, ಬ್ಲೂಟೂತ್, ವೈಫೈ, ಸಿಮ್‌ನ ಸಂಪರ್ಕ ಎಲ್ಲವೂ ಒಟ್ಟಿಗೆ ಹೊಸದಾಗುತ್ತವೆ. ಯಾರ ನೆನಪು ಕೆಟ್ಟಿದೆ ಎಂದು ಗೊತ್ತಿಲ್ಲದೆಯೂ ಅದು ಫಲ ಕೊಡುವುದು ಅದಕ್ಕೇ.

ಅಂಗಡಿಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಇಲ್ಲೊಂದು ಮೋಸ ಹೋಗುವ ಜಾಗವಿದೆ. ವಿಂಡೋಸ್ 8ರಿಂದ ಈಚೆಗೆ ‘Fast startup’ ಎಂಬ ಸೌಲಭ್ಯ ಬಂದಿದೆ. ಅದು ಚಾಲ್ತಿಯಲ್ಲಿದ್ದರೆ, ‘Shut down’ ಕೊಟ್ಟಾಗ ವಿಂಡೋಸ್ ನಮ್ಮ ಪ್ರೋಗ್ರಾಮ್‌ಗಳನ್ನು ಮುಚ್ಚುತ್ತದೆ, ಆದರೆ ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ಪ್ರಿಂಟರಿನ ಡ್ರೈವರ್ ಒಳಗಿನ ಗೊಂದಲ ಹೀಗೆ ರಾತ್ರಿ ಕಳೆದು ಬೆಳಗ್ಗೆಯೂ ಜೊತೆಗೇ ಬರಬಹುದು. ‘Restart’ ಕೊಟ್ಟರೆ ಹಾಗಾಗದು, ಎಲ್ಲವೂ ಮೊದಲಿನಿಂದ ಶುರು.

ಇನ್ನೊಂದು ಜಾತಿಯ ದೋಷ ಒಂದೇ ಗಳಿಗೆಯಲ್ಲಿ ಆಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಪ್ರತಿ ಬಿಲ್ಲಿಗೂ ಒಂದಿಷ್ಟು ರ‍್ಯಾಮ್ ತೆಗೆದುಕೊಂಡು ವಾಪಸ್ ಕೊಡುವುದನ್ನು ಮರೆಯುವ ಆ್ಯಪ್ ಬೆಳಗ್ಗೆ ಚುರುಕಾಗಿರುತ್ತದೆ, ಸಂಜೆಗೆ ತೆವಳುತ್ತದೆ. ಇದು ಸಣ್ಣಪುಟ್ಟ ಆ್ಯಪ್‌ಗಳ ಕತೆಯಷ್ಟೇ ಅಲ್ಲ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಣ ಘಟಕಗಳಲ್ಲಿ ಒಂದು ಸಾಫ್ಟ್‌ವೇರ್ ಎಣಿಕೆ ಇತ್ತು. ಸತತ 248 ದಿನ ವಿದ್ಯುತ್ ಆರಿಸದಿದ್ದರೆ ಅದು ಹಿಡಿಸಲಾರದಷ್ಟು ತುಂಬಿ, ವಿಮಾನದ ವಿದ್ಯುತ್ ಪೂರೈಕೆಯೇ ನಿಲ್ಲುವ ಸಂಭವವಿತ್ತು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 2015ರಲ್ಲಿ ಹೊರಡಿಸಿದ ಆದೇಶ ಅಂಗಡಿ ಹುಡುಗನ ಮಾತೇ ಆಗಿತ್ತು: ಅಷ್ಟು ದಿನ ತುಂಬುವ ಮೊದಲೇ ವಿದ್ಯುತ್ ಆರಿಸಿ ಮತ್ತೆ ಹಾಕಿ. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ.

ರೀಸ್ಟಾರ್ಟ್ ಮುಟ್ಟಲಾಗದ್ದು ಸ್ಟೋರೇಜ್‌ನಲ್ಲಿ ಬರೆದಿಟ್ಟದ್ದನ್ನು. ಕೆಟ್ಟುಹೋದ ಒಂದು ಬಿಲ್ ಅಲ್ಲಿ ಸೇರಿಕೊಂಡಿದ್ದು, ಆ್ಯಪ್ ತೆರೆದೊಡನೆ ಅದನ್ನು ಓದಲು ಹೋಗಿ ಬೀಳುತ್ತಿದ್ದರೆ, ರೀಸ್ಟಾರ್ಟ್ ಆದಮೇಲೂ ಅದೇ ಬಿಲ್ಲನ್ನು ಓದುತ್ತದೆ, ಅಲ್ಲೇ ಬೀಳುತ್ತದೆ. ಗುರುತಿಸುವ ದಾರಿಯೂ ಇದೇ. ರೀಸ್ಟಾರ್ಟ್ ಆದ ತಕ್ಷಣ, ಅದೇ ಜಾಗದಲ್ಲಿ ದೋಷ ಮರಳಿದರೆ ಬಹುಪಾಲು ಅದು ಬರೆದಿಟ್ಟ ಮಾಹಿತಿಯಲ್ಲಿದೆ, ಇಲ್ಲವೇ ಆ್ಯಪಿನ ಬರವಣಿಗೆಯಲ್ಲೇ ಇದೆ. ಗಂಟೆಗಟ್ಟಲೆ ಚೆನ್ನಾಗಿದ್ದು ನಿಧಾನಕ್ಕೆ ಮರಳಿದರೆ ಏನೋ ಕೂಡುತ್ತಿದೆ. ಇಂಥದ್ದೊಂದು ಘಟನೆ ನಡೆದಾಗ ಮಾತ್ರ ಮರಳುವುದಾದರೆ ಆ ಮೂರು ಸಾಲಿನಂಥ ಎಡವಟ್ಟು ಎಲ್ಲೋ ಇದೆ.

ತಕ್ಷಣ ಮರಳುವ ದೋಷಕ್ಕೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ಅದೇ ಪುಟದ ‘Storage’ ಭಾಗದಲ್ಲಿ ಇನ್ನೆರಡು ಬಟನ್ ಇವೆ. ‘Clear cache’ ಅಳಿಸುವುದು ಮತ್ತೆ ತಯಾರಿಸಿಕೊಳ್ಳಬಹುದಾದ ಫೈಲುಗಳನ್ನು, ಉದಾಹರಣೆಗೆ ಇಳಿಸಿಟ್ಟ ಸರಕಿನ ಚಿತ್ರಗಳನ್ನು. ಅದನ್ನು ಸಾಮಾನ್ಯವಾಗಿ ಅಂಜದೆ ಒತ್ತಬಹುದು. ಕೆಲವು ಮೊಬೈಲ್‌ಗಳಲ್ಲಿ ‘Clear storage’, ಕೆಲವದರಲ್ಲಿ ‘Clear data’ ಎಂದಿರುವುದು ಆ್ಯಪಿನ ಕಿರ್ದಿಯನ್ನೇ ಅಳಿಸುತ್ತದೆ: ಲಾಗಿನ್, ಸೆಟ್ಟಿಂಗ್, ಸರ್ವರ್‌ಗೆ ಇನ್ನೂ ಹೋಗದ ಬಿಲ್ಲುಗಳು. ಬೆಳಗ್ಗೆಯಿಂದ ನೆಟ್ ಇಲ್ಲದೆ ಮಾಡಿದ ವ್ಯಾಪಾರ ಅದರಲ್ಲಿದ್ದರೆ ಅದು ಮತ್ತೆ ಸಿಗುವುದಿಲ್ಲ. ಆ್ಯಪ್ ತೆರೆಯುತ್ತಿದ್ದರೆ ಮೊದಲು ಬಾಕಿ ಬಿಲ್ಲುಗಳನ್ನು ಕಳಿಸಿ, ಕಂಪನಿಯ ವೆಬ್‌ಸೈಟಿನಲ್ಲಿ ಇಂದಿನ ಕೊನೆಯ ಬಿಲ್ ನಂಬರ್ ಕಾಣುತ್ತದೆಯೇ ನೋಡಿ. ತೆರೆಯುತ್ತಲೇ ಇಲ್ಲವಾದರೆ ಆ ಬಟನ್‌ಗೆ ಕೈ ಹಚ್ಚದೆ ಆ್ಯಪಿನವರಿಗೆ ಫೋನ್ ಮಾಡಿ. ಅವರಿಗೆ ಹೇಳಲು, ರೀಸ್ಟಾರ್ಟ್ ಮಾಡುವ ಮೊದಲೇ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಸಿಕ್ಕಿಬಿದ್ದ ಹೊತ್ತಿಗೆ ಏನು ನಡೆದಿತ್ತು ಎಂದು ಬರೆದಿಟ್ಟುಕೊಳ್ಳಿ. ರ‍್ಯಾಮ್ ಖಾಲಿಯಾದಾಗ ದೋಷದ ಜೊತೆ ಅದರ ಜಾಡೂ ಅಳಿಸಿಹೋಗುತ್ತದೆ.